ಬೆಳ್ಳಿ ಬೊಳ್ಳಿಯಾದದ್ದು ಬಾಯಲ್ಲೋ ಕಿವಿಯಲ್ಲೋ

ಕನ್ನಡದ ಬೆಳ್ಳಿ ಕೊಡವ ತಕ್ಕಿನಲ್ಲಿ ಬೊಳ್ಳಿ. ಹಳಗನ್ನಡದ ಪೆಣ್ ಅಲ್ಲಿ ಪೊಣ್ಣ್. ಹಳಗನ್ನಡದ ಪಿಡಿ, ಅಂದರೆ ಇಂದಿನ ಹಿಡಿ, ಅಲ್ಲಿ ಪುಡಿ. ಪಕಾರ ಹಕಾರವಾದದ್ದು ಕನ್ನಡ ತಾನೇ ಮಾಡಿಕೊಂಡ ಬದಲಾವಣೆ, ಅದನ್ನು ಬದಿಗಿಡೋಣ. ಇಲ್ಲಿ ನೋಡಬೇಕಾದದ್ದು ಸ್ವರವನ್ನು. ಎ ಇದ್ದ ಕಡೆ ಒ ಬಂದಿದೆ, ಇ ಇದ್ದ ಕಡೆ ಉ ಬಂದಿದೆ. ಕೊಡಗಿನ ಆಚೆಗೂ ಇದು ಕಾಣುತ್ತದೆ. ತುಳುವರು ಪೊಣ್ಣು, ಬೊಳ್ಳಿ ಎನ್ನುತ್ತಾರೆ. ತಮಿಳಿನಲ್ಲಿ ಬರೆಯುವಾಗ ಪೆಣ್, ಪಿಡಿ ಎಂದಿರುವುದು ಮಾತಿನಲ್ಲಿ ಪೊಣ್ಣು, ಪುಡಿ ಆಗುತ್ತದೆ.

ಇದಕ್ಕೆ ಭಾಷಾವಿಜ್ಞಾನದ ಪುಸ್ತಕಗಳು ಕೊಡುವ ಸೂತ್ರ ಚಿಕ್ಕದು. ಹಿಂದೆ ಪ, ಬ, ಮ ಇದ್ದು ಮುಂದೆ ಟ, ಡ, ಣ, ಳ ಇದ್ದರೆ ಎ ಒಕಾರವಾಗುತ್ತದೆ, ಇ ಉಕಾರವಾಗುತ್ತದೆ. ಸೂತ್ರ ಸರಿಯಾಗಿಯೇ ಇದೆ. ಆದರೆ ಎ ಎಂಬುದು ಒ ಆಗುವುದೆಂದರೆ ಏನು, ಆ ದಾಟುವಿಕೆ ಎಲ್ಲಿ ನಡೆಯುತ್ತದೆ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ನಾಲಗೆ ಜಾರಿತು ಎಂದು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ನನ್ನ ವಾದವೆಂದರೆ, ನಾಲಗೆ ಮಾಡಬಲ್ಲದ್ದು ಇಳಿಜಾರನ್ನು ಮಾತ್ರ. ಆ ಇಳಿಜಾರಿನಲ್ಲಿ ಮೆಟ್ಟಿಲು ಕಡಿದದ್ದು ಕೇಳುವವರು.

ಮೊದಲು ಬಾಯಿಯ ಲೆಕ್ಕವನ್ನು ನೋಡೋಣ. ಎ ಎನ್ನುವಾಗ ನಾಲಗೆಯ ನಡುಭಾಗ ಮುಂದಕ್ಕೆ ಬಂದು ಸ್ವಲ್ಪ ಮೇಲೇಳುತ್ತದೆ, ತುಟಿಗಳು ಅಗಲವಾಗುತ್ತವೆ. ಒ ಎನ್ನುವಾಗ ನಾಲಗೆ ಹಿಂದಕ್ಕೆ ಸರಿಯುತ್ತದೆ, ತುಟಿಗಳು ದುಂಡಗಾಗುತ್ತವೆ. ಈ ಎರಡನ್ನು ಬೇರ್ಪಡಿಸುವ ಮುಖ್ಯ ಅಳತೆ ಬಾಯಿಯೊಳಗಿನ ಎರಡನೆಯ ಅನುರಣನ. ಧ್ವನಿವಿಜ್ಞಾನಿಗಳು ಇದನ್ನು ಎರಡನೆಯ ಫಾರ್ಮೆಂಟ್ ಎನ್ನುತ್ತಾರೆ. ವಯಸ್ಕ ಗಂಡಸಿನ ದನಿಯಲ್ಲಿ ಎಕಾರಕ್ಕೆ ಅದು ಸುಮಾರು 2000 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ, ಒಕಾರಕ್ಕೆ 900ರ ಆಸುಪಾಸಿಗೆ ಇಳಿಯುತ್ತದೆ. ಈ ಎರಡರ ನಡುವೆ ಯಾವ ಗೋಡೆಯೂ ಇಲ್ಲ. ನಾಲಗೆಯನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಎಳೆದರೆ 1900, 1800, 1700 ಎಂದು ಆ ಅಂಕಿ ಇಳಿಯುತ್ತಲೇ ಹೋಗುತ್ತದೆ.

ಬೆಳ್ಳಿ ಎನ್ನುವಾಗ ಈ ಇಳಿಕೆಗೆ ಎರಡು ಕಡೆಯಿಂದ ಒತ್ತಾಯವಿದೆ. ಬಕಾರಕ್ಕೆ ಕೂಡಿದ ತುಟಿಗಳು ಬಿಚ್ಚಿಕೊಳ್ಳುವಾಗ ಎರಡನೆಯ ಅನುರಣನ ಕೆಳಗಿನಿಂದಲೇ ಹೊರಡುತ್ತದೆ. ಮುಂದೆ ಬರುವ ಳಕಾರಕ್ಕೆ ನಾಲಗೆಯ ತುದಿ ಮೇಲೆದ್ದು ಹಿಂದಕ್ಕೆ ಮಡಚಬೇಕು. ತುದಿ ಹಿಂದಕ್ಕೆ ಹೋಗುವಾಗ ನಡುಭಾಗ ಮುಂದೆ ಚಾಚಿಕೊಂಡು ನಿಲ್ಲುವುದು ಕಷ್ಟ. ಹೀಗಾಗಿ ಇವೆರಡರ ನಡುವೆ ಸಿಕ್ಕ ಎ ಯಾವ ಭಾಷೆಯವರ ಬಾಯಲ್ಲಾದರೂ ಒಂದಷ್ಟು ಹಿಂದಕ್ಕೆ ಸರಿದೇ ಸರಿಯುತ್ತದೆ. ಕನ್ನಡಿಗನ ಬಾಯಲ್ಲೂ ಬೆಳ್ಳಿಯ ಎ, ಎಲೆಯ ಎಯಷ್ಟು ಮುಂದಿರುವುದಿಲ್ಲ.

ತುಟಿಯ ವ್ಯಂಜನವಿಲ್ಲದೆ ಮೂರ್ಧನ್ಯ ಮಾತ್ರ ಇದ್ದರೆ ಕೊಡವ ತಕ್ಕಿನಲ್ಲಿ ಏನಾಗುತ್ತದೆ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಎಂಟನ್ನು ಕನ್ನಡ ಲಿಪಿಯಲ್ಲಿ ಎಟ್ಟ್ ಎಂದು, ಏಳನ್ನು ಏಳ್ ಎಂದು ಬರೆಯುತ್ತಾರೆ. ಕೊಡವರ ಬಾಯಲ್ಲಿ ಈ ಎರಡು ಪದಗಳ ಮೊದಲ ಸ್ವರ ಕನ್ನಡದ ಎ, ಏ ಅಲ್ಲ. ನಾಲಗೆ ಎಕಾರದ ಜಾಗದಿಂದ ಹಿಂದಕ್ಕೆ ಹೊರಟು ನಡುದಾರಿಯಲ್ಲಿ ನಿಂತಿದೆ, ತುಟಿ ದುಂಡಗಾಗಿಲ್ಲ. ಸ್ಥೂಲವಾಗಿ 1400–1500 ಹರ್ಟ್ಸ್ ಸುತ್ತಮುತ್ತಲ ಸ್ವರ ಅದು. ಇ ಮತ್ತು ಉ ನಡುವೆಯೂ ಇಂಥದೇ ಇನ್ನೊಂದು ಸ್ವರವಿದೆ. ತಕ್ಕ್ ಎಂಬ ಪದದ ಕೊನೆಯಲ್ಲಿ ಸಣ್ಣಗೆ ಕೇಳುವುದು ಅದೇ. 1930ರ ದಶಕದಲ್ಲಿ ಭಾರತಕ್ಕೆ ಬಂದು ತೋಡ, ಕೋತ, ಕೊಡವ ಭಾಷೆಗಳ ಮೇಲೆ ಕೆಲಸ ಮಾಡಿದ ಎಂ. ಬಿ. ಎಮೆನೋ ಈ ನಡುಸ್ವರಗಳನ್ನು ಬೇರೆಯೇ ಸ್ವರಗಳೆಂದು ದಾಖಲಿಸಿದರು. 1970ರಲ್ಲಿ ಅವರು ಕೊಡವ ಸ್ವರಗಳ ಮೇಲೆಯೇ ಒಂದು ಪ್ರತ್ಯೇಕ ಲೇಖನ ಬರೆದರು. ಕನ್ನಡಕ್ಕೆ ಐದು ಸ್ವರಗುಣಗಳಾದರೆ ಕೊಡವ ತಕ್ಕಿಗೆ ಏಳು. ಹ್ರಸ್ವ, ದೀರ್ಘ ಬೇರೆ.

ಹಾಗಾದರೆ ಎಕಾರದಿಂದ ಒಕಾರದವರೆಗಿನ ಒಂದೇ ಇಳಿಜಾರಿನಲ್ಲಿ ಕನ್ನಡದವರು ಎರಡು ಜಾಗಗಳಲ್ಲಿ ನಿಲ್ಲುತ್ತಾರೆ, ಕೊಡವರು ಮೂರು ಜಾಗಗಳಲ್ಲಿ. ಇಳಿಜಾರು ಒಂದೇ. ನಡುವೆ ಎಲ್ಲಿ ಕಡಿಯಬೇಕು ಎಂಬುದು ಮಾತ್ರ ಬೇರೆ. ಕೇಳುವವರು ಹೀಗೆ ಕಡಿಯುವುದನ್ನು ಪ್ರಯೋಗಶಾಲೆಯಲ್ಲಿ ಮೊದಲಿಗೆ ಸ್ಪಷ್ಟವಾಗಿ ತೋರಿಸಿದವರು ಅಮೆರಿಕದ ಹ್ಯಾಸ್ಕಿನ್ಸ್ ಲ್ಯಾಬೊರೇಟರಿಯ ಆಲ್ವಿನ್ ಲಿಬರ್‌ಮನ್ ಮತ್ತು ಸಂಗಡಿಗರು, 1957ರಲ್ಲಿ.

ಆ ಪ್ರಯೋಗಶಾಲೆಯಲ್ಲಿ ಪ್ಯಾಟರ್ನ್ ಪ್ಲೇಬ್ಯಾಕ್ ಎಂಬ ಯಂತ್ರವಿತ್ತು. ಪಾರದರ್ಶಕ ಪಟ್ಟಿಯ ಮೇಲೆ ಬಿಳಿ ಬಣ್ಣದಲ್ಲಿ ಗೆರೆ ಬರೆದು ಯಂತ್ರಕ್ಕೆ ಉಣಿಸಿದರೆ ಅದು ಆ ಗೆರೆಗಳನ್ನು ಬೆಳಕಿನಿಂದ ಓದಿ ಮಾತಿನ ಧ್ವನಿಯಾಗಿ ನುಡಿಸುತ್ತಿತ್ತು. ಎರಡನೆಯ ಅನುರಣನದ ಗೆರೆ ಎಲ್ಲಿಂದ ಹೊರಡುತ್ತದೆ ಎಂಬುದೊಂದನ್ನೇ ಬದಲಿಸಿ ಅವರು 14 ಧ್ವನಿಗಳನ್ನು ಮಾಡಿದರು. ಮೊದಲನೆಯದು 1320 ಹರ್ಟ್ಸ್‌ನಿಂದ ಹೊರಟರೆ ಮುಂದಿನದು 1440ರಿಂದ, ಅದರ ಮುಂದಿನದು 1560ರಿಂದ. ಹೀಗೆ 120ರ ಸಮ ಹೆಜ್ಜೆಗಳಲ್ಲಿ 2880ರವರೆಗೆ. ಕೇಳಿದವರಿಗೆ ಈ ಸಮ ಹೆಜ್ಜೆಗಳು ಕೇಳಲಿಲ್ಲ. ಮೊದಲ ಕೆಲವು ಧ್ವನಿಗಳು ಬೇ ಎಂದು ಕೇಳಿದವು, ಆಮೇಲೆ ಒಮ್ಮೆಗೇ ಡೇ ಎಂದಾಯಿತು, ಮುಂದೆ ಮತ್ತೆ ಒಮ್ಮೆಗೇ ಗೇ ಎಂದಾಯಿತು. ಅರ್ಧ ಬೇ, ಅರ್ಧ ಡೇ ಎಂಬಂಥದ್ದು ಯಾರಿಗೂ ಕೇಳಿದಂತಿರಲಿಲ್ಲ. ಈ ಗುಣಕ್ಕೆ ಕ್ಯಾಟಗಾರಿಕಲ್ ಪರ್ಸೆಪ್ಶನ್ ಎಂಬ ಹೆಸರು ನಿಂತಿತು. ಗುಂಪುಗೂಡಿಸಿ ಕೇಳುವುದು ಎನ್ನಬಹುದು.

ಹೆಸರಿಡುವಾಗ ಜಿಗಿತ ಬರುವುದು ಆಶ್ಚರ್ಯವೇನಲ್ಲ. ಎರಡೇ ಹೆಸರು ಕೊಟ್ಟು ಒಂದನ್ನು ಆರಿಸು ಎಂದರೆ ಎಲ್ಲೋ ಒಂದು ಕಡೆ ಬದಲಾಯಿಸಲೇಬೇಕು. ಲಿಬರ್‌ಮನ್ ತಂಡದ ಜಾಣತನ ಎರಡನೆಯ ಪರೀಕ್ಷೆಯಲ್ಲಿದೆ. ಅದರಲ್ಲಿ ಹೆಸರು ಕೇಳುವುದಿಲ್ಲ. ಮೊದಲು ಒಂದು ಧ್ವನಿ, ಆಮೇಲೆ ಅದರ ನೆರೆಯ ಇನ್ನೊಂದು ಧ್ವನಿ, ಮೂರನೆಯದಾಗಿ ಅವೆರಡರಲ್ಲಿ ಒಂದನ್ನು ಮತ್ತೆ ನುಡಿಸಿ, ಈ ಮೂರನೆಯದು ಮೊದಲಿನದರಂತಿದೆಯೋ ಎರಡನೆಯದರಂತಿದೆಯೋ ಎಂದಷ್ಟೇ ಕೇಳುತ್ತಾರೆ. ಏನೂ ತಿಳಿಯದೆ ಊಹಿಸಿದರೂ ನೂರಕ್ಕೆ ಐವತ್ತು ಸರಿಯಾಗುತ್ತದೆ. ಅದಕ್ಕಿಂತ ಮೇಲೆ ಬಂದದ್ದು ನಿಜವಾಗಿ ಕೇಳಿಸಿಕೊಂಡದ್ದು.

ಈಗ ಒಂದು ಕಟ್ಟುನಿಟ್ಟಿನ ಊಹೆ ಮಾಡೋಣ. ಕೇಳುವವನಿಗೆ ಹೆಸರಿನ ಹೊರತು ಬೇರೇನೂ ಉಳಿಯುವುದಿಲ್ಲ, ಧ್ವನಿ ಬಂದ ಕೂಡಲೇ ಅದು ಬ ಅಥವಾ ಡ ಎಂಬ ಚೀಟಿಯಾಗಿಬಿಡುತ್ತದೆ ಎಂದುಕೊಳ್ಳೋಣ. ಆಗ ಹೆಸರಿಡುವ ಪರೀಕ್ಷೆಯ ಅಂಕಿಗಳಿಂದಲೇ ಎರಡನೆಯ ಪರೀಕ್ಷೆಯ ಫಲವನ್ನು ಲೆಕ್ಕ ಹಾಕಬಹುದು. ಎರಡೇ ಹೆಸರುಗಳಿರುವ ಕಡೆ ಸೂತ್ರ ಹೀಗೆ: ಎರಡು ಧ್ವನಿಗಳಿಗೆ ಬ ಎಂಬ ಹೆಸರು ಬಿದ್ದ ಪ್ರಮಾಣಗಳ ಅಂತರವನ್ನು ವರ್ಗ ಮಾಡಿ, ಅರ್ಧಿಸಿ, ಅರ್ಧಕ್ಕೆ ಕೂಡಿಸಬೇಕು. ಒಂದು ಧ್ವನಿಯನ್ನು ನೂರಕ್ಕೆ 98 ಸಲ, ಅದರ ನೆರೆಯದನ್ನು 95 ಸಲ ಬ ಎಂದಿದ್ದರೆ ಅಂತರ 0.03, ಅದರ ವರ್ಗ 0.0009. ಸರಿಯುತ್ತರದ ನಿರೀಕ್ಷೆ ನೂರಕ್ಕೆ 50.05. ಅಂದರೆ ಬರೀ ಊಹೆ. ಗಡಿಯ ಎರಡು ಬದಿಯಲ್ಲಿರುವ ಜೋಡಿಯಲ್ಲಿ ಒಂದಕ್ಕೆ 90 ಸಲ, ಇನ್ನೊಂದಕ್ಕೆ 20 ಸಲ ಬ ಎಂದಿದ್ದರೆ ಅಂತರ 0.7, ವರ್ಗ 0.49, ನಿರೀಕ್ಷೆ ನೂರಕ್ಕೆ 74.5. ಎರಡು ಜೋಡಿಗಳಲ್ಲೂ ಹರ್ಟ್ಸ್‌ನ ಅಂತರ ಒಂದೇ, 120. ಆದರೂ ಒಂದು ಜೋಡಿ ಬೇರೆಯಾಗಿ ಕೇಳಬೇಕು, ಇನ್ನೊಂದು ಕೇಳಬಾರದು.

ಪ್ರಯೋಗದ ಫಲ ಈ ಊಹೆಯ ಆಕಾರವನ್ನೇ ಹೋಲಿತು. ಗಡಿಯಲ್ಲಿ ಶಿಖರ, ಎರಡು ಬದಿಗೆ ತಗ್ಗು. ಆದರೆ ಜನ ನಿಜವಾಗಿ ಗುರುತಿಸಿದ ಪ್ರಮಾಣ ಲೆಕ್ಕಕ್ಕಿಂತ ಎಲ್ಲ ಕಡೆಯೂ ತುಸು ಮೇಲಿತ್ತು. ಅಂದಿನವರು ಶಿಖರವನ್ನು ನೋಡಿದರು, ಆ ತುಸುವನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಮುಂದಿನ ಹಲವು ದಶಕಗಳ ಜಗಳವೆಲ್ಲ ನಡೆದದ್ದು ಹೆಚ್ಚುಕಡಿಮೆ ಆ ತುಸುವಿನ ಸುತ್ತಲೇ.

ಶಿಖರ ಏಕೆ ಬಂತು ಎಂಬುದಕ್ಕೆ ಲಿಬರ್‌ಮನ್ ಕೊಟ್ಟ ಉತ್ತರ, ನಾವು ಮಾತನ್ನು ನಮ್ಮ ಬಾಯಿಯ ಚಲನೆಗಳ ಮೂಲಕವೇ ಗ್ರಹಿಸುತ್ತೇವೆ ಎಂಬುದು. ತುಟಿಯಿಂದ ಬ, ನಾಲಗೆಯ ತುದಿಯಿಂದ ಡ. ನಡುವೆ ಅಂಗವೇ ಇಲ್ಲ, ಹಾಗಾಗಿ ನಡುವಿನ ಧ್ವನಿಯೂ ಕೇಳುವುದಿಲ್ಲ ಎಂದು ಅವರ ತರ್ಕ. 1975ರಲ್ಲಿ ಪೆಟ್ರೀಶಿಯಾ ಕೂಲ್ ಮತ್ತು ಜೇಮ್ಸ್ ಮಿಲ್ಲರ್ ಇದಕ್ಕೆ ದೊಡ್ಡ ಪೆಟ್ಟು ಕೊಟ್ಟರು. ಚಿಂಚಿಲ್ಲಾ ಎಂಬ ಅಳಿಲಿನ ಗಾತ್ರದ ಪ್ರಾಣಿಗಳಿಗೆ ಅವರು ಇಂಗ್ಲಿಷಿನ ಡ, ಟಗಳ ಸರಣಿಯ ಎರಡು ತುದಿಗಳನ್ನು ಮಾತ್ರ ಕಲಿಸಿ, ಆಮೇಲೆ ನಡುವಿನ ಧ್ವನಿಗಳನ್ನು ಕೇಳಿಸಿದರು. ಪ್ರಾಣಿಗಳು ಬದಲಾಯಿಸಿದ ಜಾಗವೂ ಇಂಗ್ಲಿಷ್ ಮಾತಾಡುವವರು ಬದಲಾಯಿಸಿದ ಜಾಗವೂ ಒಂದೇ ಕಡೆ ಬಂದವು: ಬಾಯಿ ಬಿಚ್ಚಿದ ಮೇಲೆ ಕಂಠನಾದ ಹುಟ್ಟಲು ಸುಮಾರು 35 ಮಿಲಿಸೆಕೆಂಡ್ ತಡವಾಗುವಲ್ಲಿ. ಮಾತೇ ಬಾರದ ಪ್ರಾಣಿಗೆ ಬಾಯಿಯ ಜ್ಞಾನವೆಲ್ಲಿಂದ ಬರಬೇಕು? ಸಸ್ತನಿಗಳ ಕಿವಿಯಲ್ಲೇ ಕೆಲವು ಸಹಜ ಬಿರುಕುಗಳಿವೆ, ಭಾಷೆಗಳು ತಮ್ಮ ಗಡಿಗಳನ್ನು ಅನುಕೂಲವಿದ್ದಲ್ಲಿ ಅಲ್ಲಿಯೇ ಹಾಕಿಕೊಳ್ಳುತ್ತವೆ ಎಂದು ಒಪ್ಪಬೇಕಾಯಿತು.

ಆದರೆ ಕಿವಿಯ ಸಹಜ ಬಿರುಕುಗಳಿಂದಲೇ ಎಲ್ಲವೂ ತೀರ್ಮಾನವಾಗುವುದಾದರೆ ಎಲ್ಲ ಭಾಷೆಗಳ ಗಡಿಗಳೂ ಒಂದೇ ಆಗಬೇಕಿತ್ತು. 1984ರಲ್ಲಿ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಕೆಲಸದಲ್ಲಿ ಹಿಂದಿಯ ತ ಮತ್ತು ಟ ಸೇರಿದ್ದವು. ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಇವೆರಡರ ವ್ಯತ್ಯಾಸವನ್ನು ಗುರುತಿಸಿದವು. ಅದೇ ಮನೆಗಳ ಹತ್ತರಿಂದ ಹನ್ನೆರಡು ತಿಂಗಳ ಕೂಸುಗಳಲ್ಲಿ ಬಹುಪಾಲು ಗುರುತಿಸಲಿಲ್ಲ. ಕೊಡಗಿನ ಮನೆಯಲ್ಲಿ ಬೆಳೆಯುವ ಕೂಸಿಗೆ ತ, ಟ ದಿನವಿಡೀ ಕೇಳುವುದರಿಂದ ಆ ಗಡಿ ಉಳಿಯುತ್ತದೆ. ಮನೆಮಾತು ಬಳಸದ ಗಡಿಗಳನ್ನು ಮಗು ಮೊದಲ ವರ್ಷದೊಳಗೇ ಬದಿಗೆ ಸರಿಸತೊಡಗುತ್ತದೆ.

ಇಷ್ಟಕ್ಕೆ ನಿಲ್ಲಿಸಿದರೆ ಒಂದು ತಪ್ಪು ತೀರ್ಮಾನಕ್ಕೆ ಬರುತ್ತೇವೆ: ಗಡಿಯೊಳಗಿನ ವ್ಯತ್ಯಾಸಗಳಿಗೆ ಬೆಳೆದವರ ಕಿವಿ ಕಿವುಡು ಎಂದು. ಪಠ್ಯಪುಸ್ತಕಗಳಲ್ಲಿ ಇಂದಿಗೂ ಈ ಧಾಟಿ ಉಳಿದಿದೆ. ಅದು ನಿಲ್ಲುವ ಮಾತಲ್ಲ. 1974ರಲ್ಲಿ ಡೇವಿಡ್ ಪಿಸೋನಿ ಮತ್ತು ಜೆಫ್ರಿ ಟ್ಯಾಶ್ ಎರಡು ಧ್ವನಿಗಳನ್ನು ಕೇಳಿಸಿ ಎರಡೂ ಒಂದೇ ಹೆಸರಿನವೋ ಅಲ್ಲವೋ ಎಂದು ಕೇಳಿದರು, ಉತ್ತರಕ್ಕೆ ಹಿಡಿದ ಸಮಯವನ್ನೂ ಅಳೆದರು. ಎರಡೂ ಅಕ್ಷರಶಃ ಒಂದೇ ಧ್ವನಿಯಾದಾಗ ಜನ ಬೇಗ ಒಂದೇ ಎಂದರು. ಒಂದೇ ಗುಂಪಿನ ಎರಡು ಬೇರೆ ಧ್ವನಿಗಳಾದಾಗಲೂ ಒಂದೇ ಎಂದರು, ಆದರೆ ತಡೆದು. ಬಾಯಿ ಒಂದೇ ಎನ್ನುತ್ತಿರುವಾಗಲೂ ಒಳಗೆಲ್ಲೋ ವ್ಯತ್ಯಾಸ ದಾಖಲಾಗಿತ್ತು.

2002ರಲ್ಲಿ ಬಾಬ್ ಮೆಕ್‌ಮರ್ರಿ ಮತ್ತು ಸಂಗಡಿಗರು ಇದನ್ನು ಕಣ್ಣಿನಿಂದ ಹಿಡಿದರು. ಪರದೆಯ ಮೇಲೆ ಕರಡಿಯ ಮತ್ತು ಪೇರ್ ಹಣ್ಣಿನ ಚಿತ್ರಗಳಿವೆ. ಇಂಗ್ಲಿಷಿನಲ್ಲಿ ಒಂದು ಬೇರ್, ಇನ್ನೊಂದು ಪೇರ್. ಕೇಳಿದ ಪದದ ಚಿತ್ರವನ್ನು ಒತ್ತಬೇಕು. ಧ್ವನಿಗಳು ಕಂಠನಾದದ ತಡದ ಲೆಕ್ಕದಲ್ಲಿ 0ಯಿಂದ 40 ಮಿಲಿಸೆಕೆಂಡ್‌ವರೆಗೆ 5ರ ಹೆಜ್ಜೆಗಳಲ್ಲಿ ಬರುತ್ತವೆ. ಒತ್ತುವುದರಲ್ಲಿ ಅದೇ ಹಳೆಯ ಜಿಗಿತ ಕಂಡಿತು. ಆದರೆ ಕರಡಿಯನ್ನೇ ಒತ್ತಿದ ಸಲಗಳನ್ನು ಮಾತ್ರ ತೆಗೆದುಕೊಂಡು ಆ ಮುಂಚಿನ ಕ್ಷಣಗಳಲ್ಲಿ ಕಣ್ಣು ಎಲ್ಲಿ ಅಲೆಯಿತೆಂದು ನೋಡಿದಾಗ, ಧ್ವನಿ ಗಡಿಯ ಹತ್ತಿರ ಬಂದಷ್ಟೂ ಕಣ್ಣು ಹಣ್ಣಿನ ಕಡೆಗೆ ಹೆಚ್ಚು ಹೆಚ್ಚು ಹೊರಳಿತ್ತು. ಏರಿಕೆ ಹಂತಹಂತವಾಗಿತ್ತು. ಇಳಿಜಾರು ಒಳಗೆ ಉಳಿದೇ ಇತ್ತು. ಬೆರಳು ಮಾತ್ರ ಒಂದು ಕಡೆಗೆ ತೀರ್ಪು ಕೊಟ್ಟಿತ್ತು. 2003ರಲ್ಲಿ ಡಚ್ ಸಂಶೋಧಕರಾದ ಸ್ಕೌಟೆನ್ ಮತ್ತು ಸಂಗಡಿಗರು ಪ್ರಶ್ನೆ ಕೇಳುವ ಕ್ರಮವೇ ಫಲವನ್ನು ಬದಲಿಸುತ್ತದೆ ಎಂದು ವಾದಿಸಿ, ಹಳೆಯ ಅರ್ಥದ ಕ್ಯಾಟಗಾರಿಕಲ್ ಪರ್ಸೆಪ್ಶನ್‌ನ ಕಾಲ ಮುಗಿಯಿತು ಎಂದೇ ಬರೆದರು. ಮೂರು ಧ್ವನಿಗಳನ್ನು ಸಾಲಾಗಿ ಕೇಳಿಸಿದಾಗ ಮೊದಲನೆಯದನ್ನು ನೆನಪಿಟ್ಟುಕೊಳ್ಳಲು ಜನ ಹೆಸರಿನ ಮೊರೆ ಹೋಗುತ್ತಾರೆ, ಹಾಗಾಗಿ ಹೆಸರಿನ ಗಡಿಯೇ ಫಲದಲ್ಲಿ ಎದ್ದು ಕಾಣುತ್ತದೆ. ಅಂದರೆ ಜಿಗಿತದ ಒಂದು ಪಾಲು ಪರೀಕ್ಷೆಯೇ ತಂದದ್ದು.

ಸ್ವರಗಳ ವಿಷಯದಲ್ಲಿ ಇದು ಇನ್ನೂ ನಿಚ್ಚಳ. 1962ರಲ್ಲಿ ಹ್ಯಾಸ್ಕಿನ್ಸ್‌ನವರೇ ಸ್ವರಗಳ ಸರಣಿ ಮಾಡಿ ಪರೀಕ್ಷಿಸಿದಾಗ, ಒಂದೇ ಹೆಸರಿನ ಎರಡು ಸ್ವರಗಳನ್ನೂ ಜನ ಚೆನ್ನಾಗಿಯೇ ಬೇರ್ಪಡಿಸಿದರು. ಕಾರಣ ತೀರ ಗೂಢವಲ್ಲ. ಬಕಾರದ ಗುರುತು ಕೆಲವು ಹತ್ತು ಮಿಲಿಸೆಕೆಂಡ್‌ಗಳಲ್ಲಿ ಬಂದು ಹೋಗುತ್ತದೆ. ಸ್ವರ ಹೆಚ್ಚು ಹೊತ್ತು ನಿಲ್ಲುವುದರಿಂದ ಅದರ ಧ್ವನಿಯೇ ಕಿವಿಯ ನೆನಪಿನಲ್ಲಿ ಸ್ವಲ್ಪ ಕಾಲ ಉಳಿಯುತ್ತದೆ, ಹೆಸರಿನ ಊರುಗೋಲು ಬೇಕಾಗುವುದಿಲ್ಲ. 1973ರಲ್ಲಿ ಪಿಸೋನಿ 300 ಮಿಲಿಸೆಕೆಂಡ್‌ನ ಸ್ವರಗಳನ್ನೂ 50 ಮಿಲಿಸೆಕೆಂಡ್‌ನ ಸ್ವರಗಳನ್ನೂ ಹೋಲಿಸಿ ನೋಡಿದರು. ಸ್ವರವನ್ನು ಗಿಡ್ಡ ಮಾಡಿದಷ್ಟೂ ಅದು ವ್ಯಂಜನದಂತೆ ಗುಂಪುಗೂಡಿ ಕೇಳತೊಡಗಿತು.

ಈ ಸಾಮಗ್ರಿಯನ್ನು ಹಿಡಿದುಕೊಂಡು ಬೊಳ್ಳಿಗೆ ಬರೋಣ. ನಾಲಗೆ ಜಾರಿದ್ದರಿಂದಲೇ ಎ ಒಕಾರವಾಯಿತು ಎನ್ನುವವರು ಒಂದು ಪ್ರಶ್ನೆಗೆ ಉತ್ತರಿಸಬೇಕು. ಕನ್ನಡದ ಬೆಳ್ಳಿಯಲ್ಲೂ ಅದೇ ಬಕಾರವಿದೆ, ಅದೇ ಳಕಾರವಿದೆ. ಕನ್ನಡಿಗನ ತುಟಿ, ನಾಲಗೆಗಳು ಕೊಡವನ ತುಟಿ, ನಾಲಗೆಗಳಿಗಿಂತ ಬೇರೆಯಲ್ಲ. ಜಾರುವ ಒತ್ತಾಯ ಇಬ್ಬರಿಗೂ ಒಂದೇ ಆಗಿದ್ದರೂ ಕನ್ನಡದ ಬೆಳ್ಳಿ ಬೆಳ್ಳಿಯಾಗಿಯೇ ಏಕೆ ಉಳಿಯಿತು? ಬಾಯಿಯ ಕಥೆಯೊಂದರಿಂದಲೇ ಇದಕ್ಕೆ ಉತ್ತರ ಸಿಗುವುದಿಲ್ಲ.

ಕೇಳುವವನು ಮಾಡುವ ಒಂದು ಲೆಕ್ಕಾಚಾರ ಇಲ್ಲಿ ಮುಖ್ಯ. ವರ್ಜೀನಿಯಾ ಮ್ಯಾನ್ 1980ರಲ್ಲಿ ತೋರಿಸಿದ ಪ್ರಕಾರ, ಡ–ಗ ನಡುವಿನ ಅದೇ ಒಂದು ಅಸ್ಪಷ್ಟ ಧ್ವನಿ ಅಲ್ ಎಂಬುದರ ನಂತರ ಬಂದರೆ ಹೆಚ್ಚಾಗಿ ಗ ಎಂದೂ, ಅರ್ ಎಂಬುದರ ನಂತರ ಬಂದರೆ ಹೆಚ್ಚಾಗಿ ಡ ಎಂದೂ ಕೇಳುತ್ತದೆ. ನೆರೆಯ ಧ್ವನಿ ಮಾಡಬಹುದಾದ ಎಳೆತವನ್ನು ಕೇಳುವವನು ತನಗರಿವಿಲ್ಲದೆಯೇ ಕಳೆದುಬಿಟ್ಟು ಹೆಸರಿಡುತ್ತಾನೆ. ಇದು ಬಾಯಿಯ ಬಗೆಗಿನ ತಿಳಿವಳಿಕೆಯಿಂದ ಬರುವುದೋ, ಕಿವಿಯ ಸರಳ ವೈದೃಶ್ಯದಿಂದ ಬರುವುದೋ ಎಂಬ ಜಗಳವಿದೆ. ಲಾವಕ್ಕಿಗಳಲ್ಲೂ ಇಂಥದ್ದು ಕಂಡಿದೆ. ಕಾರಣ ಯಾವುದಾದರೂ ಫಲ ಒಂದೇ. ಬೆಳ್ಳಿಯ ಎಕಾರ ಹಿಂದಕ್ಕೆ ಸರಿದು ಕಿವಿಗೆ ಬಿದ್ದಾಗ ಕನ್ನಡಿಗ ಆ ಸರಿದಿರುವಿಕೆಯನ್ನು ಳಕಾರದ ಖಾತೆಗೆ ಬರೆದು, ಉಳಿದದ್ದಕ್ಕೆ ಎ ಎಂದು ಹೆಸರಿಡುತ್ತಾನೆ. ಗಡಿ ಆ ನೆರೆಯಲ್ಲಿ ಒಕಾರದ ಕಡೆಗೆ ಸರಿದುಕೊಂಡು ಸ್ವರವನ್ನು ಎಕಾರದೊಳಗೇ ಇರಿಸಿಕೊಳ್ಳುತ್ತದೆ.

ಜಾನ್ ಒಹಾಲಾ 1981ರಲ್ಲಿ ಹೇಳಿದ್ದು ಈ ಕಳೆಯುವ ಲೆಕ್ಕ ತಪ್ಪಿದಾಗ ಏನಾಗುತ್ತದೆ ಎಂಬುದನ್ನು. ಹೊಸ ತಲೆಮಾರಿನ ಕೇಳುಗ, ಬಹುಮಟ್ಟಿಗೆ ಮಾತು ಕಲಿಯುತ್ತಿರುವ ಮಗು, ಆ ಸರಿದಿರುವಿಕೆಯನ್ನು ವ್ಯಂಜನದ ಖಾತೆಗೆ ಹಾಕದೆ ಸ್ವರದ ಖಾತೆಗೇ ಹಾಕಿದರೆ, ಅದಕ್ಕೆ ಕೇಳುವುದು ಎ ಅಲ್ಲ. ಹೇಳುವವನು ಎ ಎಂದೇ ಉದ್ದೇಶಿಸಿದ್ದಾನೆ, ಅವನ ನಾಲಗೆ ನಿನ್ನೆಗಿಂತ ಇಂದು ಒಂದಿಷ್ಟೂ ಹೆಚ್ಚು ಜಾರಿಲ್ಲ, ಆದರೂ ಕೇಳಿದ ಮಗುವಿನ ಮನಸ್ಸಿನಲ್ಲಿ ಪದ ಬದಲಾಗಿದೆ. ಆ ಮಗು ಬಾಯಿ ಬಿಟ್ಟಾಗ ಅದು ಉದ್ದೇಶಪೂರ್ವಕವಾಗಿಯೇ ಬೊಳ್ಳಿ ಎನ್ನುತ್ತದೆ. ಒಹಾಲಾ ಸಾಮಾನ್ಯವಾಗಿ ಹೇಳಿದ್ದನ್ನು ಕೊಡವ ಸ್ವರಗಳಿಗೆ ಹೀಗೆ ಅನ್ವಯಿಸಿದರೆ ಎಮೆನೋ ಕೊಟ್ಟ ಎರಡು ಬಗೆಯ ಫಲಗಳೂ ಒಂದೇ ಕಾರಣಕ್ಕೆ ಬಂದು ಸೇರುತ್ತವೆ. ಮೂರ್ಧನ್ಯದ ಎಳೆತ ಮಾತ್ರ ಇದ್ದ ಎಂಟು, ಏಳುಗಳಲ್ಲಿ ಸ್ವರ ಎಕಾರದ ಗಡಿಯನ್ನು ದಾಟಿತು, ಆದರೆ ಒಕಾರದ ಗಡಿಯನ್ನು ಮುಟ್ಟಲಿಲ್ಲ. ಅಲ್ಲಿ ಹೊಸ ಗುಂಪೇ ಹುಟ್ಟಿತು. ತುಟಿಯ ಎಳೆತವೂ ಸೇರಿದ ಬೊಳ್ಳಿ, ಪೊಣ್ಣ್‌ಗಳಲ್ಲಿ ಅದು ಮೊದಲೇ ಇದ್ದ ಒಕಾರದ ಗುಂಪಿಗೆ ಬಿತ್ತು. ಇಳಿಜಾರಿನಲ್ಲಿ ಎಷ್ಟು ದೂರ ಬಂದಿತ್ತು ಎಂಬುದರ ಮೇಲೆ ಯಾವ ಗುಂಪು ಎಂಬುದು ನಿಶ್ಚಯವಾಯಿತು.

ಒಂದು ಆಕ್ಷೇಪವನ್ನು ಇಲ್ಲಿ ಎತ್ತಬಹುದು. ಒಂದು ಮಗು ತಪ್ಪು ಕೇಳಿದರೆ ಭಾಷೆ ಬದಲಾಗುತ್ತದೆಯೇ? ಬದಲಾಗುವುದಿಲ್ಲ. ಅಂಥ ತಪ್ಪುಗಳು ದಿನವೂ ಆಗುತ್ತವೆ, ಮನೆಯವರ ಮಾತು ಕೇಳಿ ಕೇಳಿ ಸರಿಹೋಗುತ್ತವೆ. ಅದು ಹಬ್ಬಿ ನೆಲೆಗೊಳ್ಳುವುದು ಬೇರೆ ಸಂಗತಿ; ಅದಕ್ಕೆ ಒಡನಾಟ, ನೆರೆಹೊರೆ, ಒಂದು ಜನದ ಜೊತೆ ಇನ್ನೊಂದು ಜನದ ಬೆರಕೆ ಇವೆಲ್ಲ ಬೇಕು. ಕೊಡವ, ತುಳು, ಆಡುತಮಿಳು ಮೂರರಲ್ಲೂ ಒಕಾರ ನೆಲೆಯೂರಿ ಕನ್ನಡದಲ್ಲಿ ಊರದೇ ಹೋದದ್ದನ್ನು ಧ್ವನಿವಿಜ್ಞಾನವೊಂದೇ ವಿವರಿಸಲಾರದು. ಅದು ವಿವರಿಸುವುದು ಬದಲಾವಣೆಯ ಬೀಜವನ್ನು, ಮತ್ತು ಬದಲಾದಾಗ ನಡುವೆ ನಿಲ್ಲದೆ ಒಂದು ಗುಂಪಿನಿಂದ ಇನ್ನೊಂದಕ್ಕೆ ಏಕೆ ಹೋಗುತ್ತದೆ ಎಂಬುದನ್ನು.

ಈ ವಿಚಾರ ಕೊಡಗಿನಲ್ಲಿ ಇಂದು ಯಾರಿಗೆ ಬೇಕು? ಕೊಡವ ತಕ್ಕನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿಗೆ, ಓದಿ ಕಲಿಯುವವರಿಗೆ ಬೇಕು. ನಡಿಕೇರಿಯಂಡ ಚಿಣ್ಣಪ್ಪನವರ ಪಟ್ಟೋಲೆ ಪಳಮೆ 1924ರಲ್ಲಿ ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಇಂದಿಗೂ ಬಹುಪಾಲು ಬರವಣಿಗೆ ಹಾಗೆಯೇ ನಡೆಯುತ್ತಿದೆ. ಕನ್ನಡ ಲಿಪಿಯಲ್ಲಿ ಆ ಎರಡು ನಡುಸ್ವರಗಳಿಗೆ ಅಕ್ಷರವಿಲ್ಲ. ಕೊಡವ ಮನೆಯಲ್ಲಿ ಬೆಳೆದವರಿಗೆ ಎಟ್ಟ್ ಎಂದು ಬರೆದಿದ್ದರೂ ತೊಂದರೆಯಾಗದು, ಕಿವಿಯಲ್ಲಿರುವುದನ್ನು ಕಣ್ಣು ತುಂಬಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಕನ್ನಡ ಅಥವಾ ಇಂಗ್ಲಿಷ್ ಕೇಳಿ ಬೆಳೆದು ಪುಸ್ತಕದಿಂದ ತಕ್ಕ್ ಕಲಿಯುವ ಮಗುವಿಗೆ ಅದೇ ಬರಹ ಕನ್ನಡದ ಗಡಿಯನ್ನೇ ಮತ್ತೆ ಗಟ್ಟಿ ಮಾಡುತ್ತದೆ. ಕಿವಿ ಹಿಡಿಯಬಲ್ಲ ವ್ಯತ್ಯಾಸವನ್ನು ಕಣ್ಣು ಅಳಿಸಿಹಾಕುತ್ತದೆ.

ಹೊರಗಿನವರಿಗೆ ನಮ್ಮ ಸ್ವರ ಕೇಳಿಸುವುದೇ ಇಲ್ಲ ಎಂದು ಕೊಡವರು ಕೆಲವೊಮ್ಮೆ ಬೇಸರದಿಂದ ಹೇಳುತ್ತಾರೆ. ಎರಡೂ ಒಂದೇ ಅಲ್ಲವೇ ಎಂದು ಹೊರಗಿನವರೂ ಹೇಳುತ್ತಾರೆ. ಇಬ್ಬರ ಮಾತೂ ಮೇಲೆ ಕಂಡ ಪ್ರಯೋಗಗಳ ಮುಂದೆ ನಿಲ್ಲುವುದಿಲ್ಲ. ಧ್ವನಿ ಕೇಳುತ್ತದೆ, ಹೆಸರಿಡುವಾಗ ಕನ್ನಡದ ಗಡಿ ಅಡ್ಡ ಬರುತ್ತದೆ. ಹಾಗಿದ್ದರೆ ಪಿಸೋನಿಯವರ ಫಲದಿಂದ ಒಂದು ನಿರೀಕ್ಷೆ ಹುಟ್ಟುತ್ತದೆ. ಏಳರಲ್ಲಿ ಆ ಸ್ವರ ದೀರ್ಘ, ಎಂಟರಲ್ಲಿ ಹ್ರಸ್ವ. ಕನ್ನಡದ ಕಿವಿಗೆ ಏಳರ ವ್ಯತ್ಯಾಸ ಮೊದಲು ಹಿಡಿಯಬೇಕು, ಎಂಟರದ್ದು ಆಮೇಲೆ. ತಕ್ಕ್ ಕಲಿಸುವವರು ಎಂಟರಿಂದ ಶುರುಮಾಡದೆ ಏಳರಿಂದ ಶುರುಮಾಡಿದರೆ ಕಲಿಯುವವರಿಗೆ ಸುಲಭವಾಗಬೇಕು.

ಇದನ್ನು ಪರೀಕ್ಷಿಸಲು ದೊಡ್ಡ ಯಂತ್ರ ಬೇಡ. ಕೊಡವ ಗೆಳೆಯರೊಬ್ಬರಿಂದ ಅವರ ಏಳನ್ನೂ ಕನ್ನಡದ ಏಳನ್ನೂ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಎರಡರ ಮೊದಲ ಸ್ವರವನ್ನಷ್ಟೇ ಕತ್ತರಿಸಿ ಒಂದಾದ ಮೇಲೊಂದು ನುಡಿಸಿ, ಮೂರನೆಯದಾಗಿ ಒಂದನ್ನು ಮತ್ತೆ ನುಡಿಸಿ, ಯಾವುದರಂತಿದೆ ಎಂದು ತಕ್ಕ್ ಬಾರದವರನ್ನು ಕೇಳಿ. ಉತ್ತರ ಅರ್ಧಕ್ಕರ್ಧ ಬಂದರೆ ನಾನು ಹೇಳಿದ್ದು ತಪ್ಪು. ಕ್ರಮಬದ್ಧವಾಗಿ ಮಾಡುವುದಾದರೆ ಮಡಿಕೇರಿಯಿಂದ ಮೂರು ಗಂಟೆಯ ದಾರಿಯಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿನ ಸಂಶೋಧಕರು ಎಕಾರದಿಂದ ಒಕಾರದವರೆಗೆ 100 ಹರ್ಟ್ಸ್‌ನ ಹೆಜ್ಜೆಗಳ ಸರಣಿ ಕಟ್ಟಿ, ಕೊಡವ, ಕನ್ನಡ, ತುಳು ಮನೆಮಾತಿನವರಿಗೆ ಕೇಳಿಸಿ ಮೂವರ ಗಡಿಗಳನ್ನೂ ಒಂದೇ ನಕ್ಷೆಯಲ್ಲಿ ಇಡಬಹುದು.

ಅಲ್ಲಿಯವರೆಗೆ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ಮಕ್ಕಳಿಗಾಗಿ ಕೊಡವ ತಕ್ಕಿನ ಪುಸ್ತಕ ಅಚ್ಚು ಹಾಕುವವರು ಎ, ಏ, ಇ, ಈ ಅಕ್ಷರಗಳ ಮೇಲೆ ಒಂದು ಗುರುತನ್ನು, ಯಾವುದಾದರೂ ಸರಿ, ಎಲ್ಲರೂ ಒಪ್ಪಿದ ಒಂದೇ ಗುರುತನ್ನು ಇಟ್ಟು ನಡುಸ್ವರಗಳನ್ನು ಬೇರೆಯಾಗಿ ತೋರಿಸಲಿ. ಐ. ಮಾ. ಮುತ್ತಣ್ಣನವರಂತೆ ಹೊಸ ಲಿಪಿಯನ್ನೇ ರೂಪಿಸುವವರ ದಾರಿ ಬೇರೆ. ಅದರ ತೀರ್ಮಾನ ಏನೇ ಆಗಲಿ, ಈ ಗುರುತು ಅದಕ್ಕೆ ಅಡ್ಡಿಯಲ್ಲ.